ಕೊನೆಗಾರರ ಮುಷ್ಕರದ ಲೆಕ್ಕ: ಮಾದರಿಯಲ್ಲಿ ಮುಷ್ಕರವೇ ಬರುತ್ತಿಲ್ಲ

ಸಹನಾ_ಎಂಎ, ಶಿವಮೊಗ್ಗ
ರಾಜಕೀಯ ಅರ್ಥಶಾಸ್ತ್ರದ ಅಸೈನ್‌ಮೆಂಟಿನಲ್ಲಿ ಒಂದು ಕಡೆ ಮರ ಹತ್ತಿ ಅಡಿಕೆ ಗೊನೆ ಇಳಿಸುವ ತೀರ್ಥಹಳ್ಳಿಯ ಕೊನೆಗಾರರ ಸಂಘ, ಇನ್ನೊಂದು ಕಡೆ ತೋಟಗಳ ಫಸಲನ್ನು ಖೇಣಿ, ಅಂದರೆ ಗುತ್ತಿಗೆ, ಹಿಡಿದ ವ್ಯಾಪಾರಿ. ಉಳಿದ ಖರ್ಚು ಕಳೆದು ಹಂಚಿಕೊಳ್ಳಲು 10 ಲಕ್ಷ ಇದೆ. ಒಂದು ವಾರ ಕೊಯ್ಲು ನಿಂತರೆ ಕಾಯಿ ಹಣ್ಣಾಗಿ ಅಗ್ಗದ ಗೋಟು ಅಡಿಕೆಗೆ ಹೋಗಿ ಮೊತ್ತದ ಕಾಲು ಭಾಗ ಕರಗುತ್ತದೆ. ಸರದಿಯಂತೆ ಬೇಡಿಕೆ ಇಡುವ ರೂಬಿನ್‌ಸ್ಟೈನ್ ಮಾದರಿ ಹಾಕಿದೆ. ಮೊದಲು ಮಾತಾಡುವ ಸಂಘಕ್ಕೆ 1/(1+0.75) ಪಾಲು, ಅಂದರೆ ಸುಮಾರು 5.71 ಲಕ್ಷ. ಮೊದಲ ದಿನವೇ ಒಪ್ಪಂದ. ಆದರೆ ಎರಡನೇ ಭಾಗ ಹೀಗಿದೆ: “ಒಂದು ವಾರ ಮುಷ್ಕರ ನಡೆದು, ಸಂಘ ಮೊದಲು ಕೇಳಿದ್ದಕ್ಕಿಂತ ಕಡಿಮೆಗೆ ಒಪ್ಪಿತು. ವಿವರಿಸಿ.” 0.75 ಬದಲು 0.9, 0.5 ಹಾಕಿ ನೋಡಿದೆ. ಹಂಚಿಕೆ ಬದಲಾಗುತ್ತದೆ, ಮುಷ್ಕರ ಬರುವುದಿಲ್ಲ.

ಭದ್ರಾ_ದಂಡೆ
ಇಷ್ಟು ಕಷ್ಟ ಯಾಕೆ? ಇಬ್ಬರಿಗೂ “ಪಟ್ಟು ಹಿಡಿ”, “ಬಗ್ಗು” ಅಂತ ಎರಡೆರಡು ದಾರಿ ಕೊಟ್ಟು ನಾಲ್ಕು ಮನೆಯ ಕೋಷ್ಟಕ ಬರೆಯಿರಿ. ಇಬ್ಬರೂ ಪಟ್ಟು ಹಿಡಿದರೆ ಮುಷ್ಕರ. ಇಬ್ಬರೂ ಇಂತಿಷ್ಟು ಸಂಭವದಲ್ಲಿ ಒಂದೊಂದು ದಾರಿ ಹಿಡಿಯುವ ಮಿಶ್ರ ಸಮತೋಲನ ತೆಗೆದರೆ ಆ ಮನೆಗೂ ಒಂದಿಷ್ಟು ಸಂಭವ ಬಂದೇ ಬರುತ್ತದೆ.

ಸಾಗರದ_ತೋಟ
ನಮ್ಮೂರಲ್ಲಿ ಕೊನೆಗಾರರಿಗೆ ಸಂಘವೇ ಇಲ್ಲ ಮಾರಾಯ್ರೆ. ಪಕ್ಕದ ತೋಟದವರು ಮುಂಗಡ ಕೊಟ್ಟರೆ ಅಲ್ಲಿಗೆ ಹೋಗ್ತಾರೆ, ನಾವು ದಾರಿ ಕಾಯ್ತೀವಿ. ಒಂದೇ ವಾರಕ್ಕೆ ಕಾಲು ಭಾಗ ಹೋಗೋದೂ ಇಲ್ಲ, ಗೊನೆಗಳು ಒಟ್ಟಿಗೆ ಬಲಿಯಲ್ಲ. ಇನ್ನೊಂದು: ಮರ ಹತ್ತೋರು ಅವರು, ಫಸಲು ಎಷ್ಟಿದೆ ಅಂತ ನಮಗಿಂತ ಮೊದಲು ಅವರಿಗೇ ಗೊತ್ತು.

ಶಂಕರಘಟ್ಟ_ಮೇಷ್ಟ್ರು
ಸಹನಾ, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಇಬ್ಬರಿಗೂ ಎಲ್ಲವೂ ಗೊತ್ತಿದ್ದರೆ, ವಾರ ಕಳೆದ ಮೇಲೆ ಎಲ್ಲಿಗೆ ಬಂದು ನಿಲ್ಲುತ್ತೇವೆ ಎಂಬುದೂ ಇಬ್ಬರಿಗೂ ಗೊತ್ತು. ಹಾಗಿದ್ದ ಮೇಲೆ ಕಾಲು ಭಾಗ ಹಾಳು ಮಾಡಿ ಅಲ್ಲಿಗೆ ಹೋಗುವುದೇಕೆ? ಅರ್ಥಶಾಸ್ತ್ರಜ್ಞ ಹಿಕ್ಸ್ 1932ರಲ್ಲಿ ಎತ್ತಿದ ತೊಡಕು ಇದೇ.

ಭದ್ರಾ ಅವರ ಕೋಷ್ಟಕದಲ್ಲಿ ಮುಷ್ಕರ ಬರುವುದು ನಿಜ. ಆದರೆ ಇಬ್ಬರೂ ಪಟ್ಟು ಹಿಡಿದ ಮರುದಿನ ಬೆಳಿಗ್ಗೆ ಮತ್ತೆ ಮಾತಿಗೆ ಏಕೆ ಕೂರಲಿಲ್ಲ, ಸಂಘ ಇಳಿದದ್ದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ವ್ಯಾಪಾರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಸೇರಿಸಿ. ಫಸಲು ಬೇಡ, ಸಾಗರದವರು ಹೇಳಿದ್ದು ಸರಿ. ಆದರೆ ಖೇಣಿಗೆ ಎಷ್ಟು ಕೊಟ್ಟಿದ್ದಾನೆ, ಮಂಡಿಯಲ್ಲಿ ಎಷ್ಟು ಸಾಲವಿದೆ ಎಂಬುದು ಮರದ ಮೇಲಿನಿಂದ ಕಾಣುವುದಿಲ್ಲ. ಅವನ ಕೈಯಲ್ಲಿ 10 ಲಕ್ಷ ಇರಬಹುದು ಅಥವಾ 4 ಲಕ್ಷ ಇರಬಹುದು, ಸಂಘದ ಅಂದಾಜಿನಲ್ಲಿ ಅರ್ಧಕ್ಕರ್ಧ. ಎರಡು ಸುತ್ತು, ಎರಡರಲ್ಲೂ ಸಂಘವೇ ಕೇಳುತ್ತದೆ ಎಂದಿಟ್ಟುಕೊಳ್ಳಿ.

ಹಿಂದಿನಿಂದ ಲೆಕ್ಕ ಹಾಕಿ. ಮೊದಲ ಬೇಡಿಕೆಯನ್ನು ಬಡ ವ್ಯಾಪಾರಿ ಮಾತ್ರ ನಿರಾಕರಿಸಿದರೆ, ವಾರದ ನಂತರ ಅವನಲ್ಲಿ ಉಳಿದಿರುವುದು 3 ಲಕ್ಷ, ಸಂಘ ಅಷ್ಟನ್ನೇ ಕೇಳುತ್ತದೆ. ಈಗ ಸಿರಿವಂತ ವ್ಯಾಪಾರಿ ಬಡವನಂತೆ ನಟಿಸಿ ಕಾದರೆ? ಉಳಿದ 7.5ರಲ್ಲಿ 3 ಕೊಟ್ಟು 4.5 ಉಳಿಸಿಕೊಳ್ಳುತ್ತಾನೆ. ಆದ್ದರಿಂದ ಇವತ್ತೇ ಅವನಿಗೆ 4.5 ಉಳಿಯುವಂತೆ ಕೇಳಬೇಕು. ಆ ಬೇಡಿಕೆ w ಎಂದಿಟ್ಟುಕೊಳ್ಳಿ; ಕೊನೆಯ ಸಾಲು ಸಂಘಕ್ಕೆ ಸಿಗುವ ಸರಾಸರಿ.

```
10 - w = 0.75 × (10 - 4)
w = 5.5
0.5 × 5.5 + 0.5 × 3 = 4.25
```

ಎಲ್ಲರೂ ಒಪ್ಪುವ 4 ಲಕ್ಷವನ್ನೇ ಮೊದಲ ದಿನ ಕೇಳಿದ್ದರೆ ಸಿಗುತ್ತಿದ್ದದ್ದು 4. ಅದಕ್ಕಿಂತ 4.25 ಮೇಲು, ಹಾಗಾಗಿ ಸಂಘ 5.5 ಕೇಳುತ್ತದೆ. ಸಿರಿವಂತ ಒಪ್ಪುತ್ತಾನೆ. ಬಡವನಿಗೆ ಒಪ್ಪಲು ಸಾಧ್ಯವೇ ಇಲ್ಲ. ವಾರ ಮುಷ್ಕರ, ಆಮೇಲೆ 3ಕ್ಕೆ ಒಪ್ಪಂದ. ನಿಮ್ಮ ಎರಡನೇ ಭಾಗ ಕೇಳಿದ್ದು ಇದೇ. “ನನ್ನಲ್ಲಿ ಹಣವಿಲ್ಲ” ಎಂದು ಬಾಯಿಮಾತಿನಲ್ಲಿ ಯಾರಾದರೂ ಹೇಳಬಹುದು. ನಷ್ಟ ಸಹಿಸಿ ವಾರ ಕೂತಾಗ ಮಾತ್ರ ಸಂಘ ನಂಬುತ್ತದೆ.

ಸಹನಾ_ಎಂಎ, ಶಿವಮೊಗ್ಗ
ಸರ್, ಈಗ ಬಂತು! ಆದರೆ ಸಂಘ ಮೊದಲ ದಿನ 10 ಲಕ್ಷವನ್ನೇ ಕೇಳಿ ನೋಡಬಾರದೇ?

ಶಂಕರಘಟ್ಟ_ಮೇಷ್ಟ್ರು
ಕೇಳಬಹುದು, ಆದರೆ ಆಗ ಸಿರಿವಂತನೂ ಅನೇಕ ಸಲ ನಿರಾಕರಿಸುತ್ತಾನೆ, ಯಾರು ಯಾರೆಂದು ಪೂರ್ತಿ ಗೊತ್ತಾಗುವುದಿಲ್ಲ. ಅವನು ಮೂರರಲ್ಲಿ ಎರಡು ಪಾಲು ಸಂಭವದಲ್ಲಿ ನಿರಾಕರಿಸುವ ಸಮತೋಲನ ಸಿಗುತ್ತದೆ. ಸಂಘಕ್ಕೆ ಸರಾಸರಿ ಸುಮಾರು 4.17, ಅಂದರೆ 4.25ಕ್ಕಿಂತ ಕಡಿಮೆ. ಎಚ್ಚರ, ಇದು ಅರ್ಧಕ್ಕರ್ಧ ಅಂದಾಜಿಗೆ ಮಾತ್ರ. ಸಿರಿವಂತನ ಸಂಭವ 0.6 ಎಂದರೆ ಈ ಎರಡನೆಯ ದಾರಿಯೇ ಗೆಲ್ಲುತ್ತದೆ. ಉತ್ತರದಲ್ಲಿ ಆ ಸಂಖ್ಯೆ ಬರೆದೇ ಮುಂದೆ ಹೋಗಿ.

ಭದ್ರಾ_ದಂಡೆ
ಒಪ್ಪಿದೆ. ಆದರೆ ವ್ಯಾಪಾರಿ ಲೆಕ್ಕದ ಪುಸ್ತಕ ತೆರೆದು ತೋರಿಸಿದರೆ ಮುಷ್ಕರವೇ ಬೇಡವಲ್ಲ? ಬಡವ ತೋರಿಸಿದರಂತೂ ಸಂಘಕ್ಕೂ ನಷ್ಟವಿಲ್ಲ, ಫಸಲೂ ಉಳಿಯುತ್ತದೆ.

ಶಂಕರಘಟ್ಟ_ಮೇಷ್ಟ್ರು
ನಂಬುವಂಥ ಪುಸ್ತಕವಾದರೆ ಹೌದು, ಸಂಘ ಮೊದಲ ದಿನವೇ 4 ಕೇಳುತ್ತದೆ. ಆದರೆ ಈ ಮಾದರಿಯಲ್ಲಿ ಬಡವನಿಗೆ 4 ಕೊಟ್ಟರೂ ಉಳಿಯುವುದು ಸೊನ್ನೆ, ವಾರದ ಮೇಲೆ 3 ಕೊಟ್ಟರೂ ಸೊನ್ನೆ. ತೋರಿಸುವ ತೊಂದರೆ ತೆಗೆದುಕೊಳ್ಳಲು ಅವನಿಗೆ ಕಾರಣವೇ ಇಲ್ಲ. ಎರಡನೇ ಸುತ್ತಿನಲ್ಲಿ ವ್ಯಾಪಾರಿ ಕೇಳುವಂತೆ ಬದಲಿಸಿದರೆ ಏನಾಗುತ್ತದೆ, ನಾನಿನ್ನೂ ಹಾಕಿ ನೋಡಿಲ್ಲ.

ಸಾಗರದ_ತೋಟ
ಪುಸ್ತಕ ತೋರಿಸೋ ಖೇಣಿದಾರ ಇದ್ದರೆ ನಮ್ಮ ಕಡೆಗೂ ಕಳಿಸಿ.