ರಾತ್ರಿ ಪಾಳಿಯವರಿಗೆ ಆರೋಗ್ಯ ಯೋಜನೆ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಎಚ್‌ಆರ್, ಖರಾಡಿ, ಪುಣೆ): ಡಾಕ್ಟರೇ, ನಮ್ಮಲ್ಲಿ 60 ಜನ ರಾತ್ರಿ 9:30ರಿಂದ ಬೆಳಿಗ್ಗೆ 6:30ರವರೆಗೆ ಅಮೆರಿಕದ ಕರೆ ತಗೊಳ್ತಾರೆ. ನಿದ್ದೆ ಇಲ್ಲ, ಕಣ್ಣುರಿ, ಹೊಟ್ಟೆ ಉಬ್ಬರ ಅಂತ ದಿನಾ ದೂರು. ಊಟದ ಬ್ರೇಕ್ 2:30ಕ್ಕೆ ಅರ್ಧ ಗಂಟೆ, ಅದರ ಹಿಂದೆ ಮುಂದೆ 15 ನಿಮಿಷದ ಎರಡು ಬ್ರೇಕ್. ಕಣ್ಣಿನ ಶಿಬಿರ, ಯೋಗ ತರಗತಿ, ಡಯಟೀಷಿಯನ್ ಉಪನ್ಯಾಸ ಇಡೋಣ ಅಂತಿದ್ದೇನೆ. ಸಾಕಾ?

ಉತ್ತರ (ಕಾರ್ಮಿಕರ ಆರೋಗ್ಯ ನೋಡುವ ವೈದ್ಯೆ, ಪುಣೆ): ಶಿಬಿರ ಆಮೇಲೆ ಇಡಿ, ಮೊದಲು ಬ್ರೇಕ್ ಪಟ್ಟಿ ತಿದ್ದಿ. ಎರಡೂವರೆಗೆ ಊಟ ಅನ್ನೋದೇ ಅರ್ಧ ತೊಂದರೆಯ ಮೂಲ. ಆ ಹೊತ್ತಿಗೆ ಮೈ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ಅರಗಿಸುವುದಿಲ್ಲ. ಕ್ಯಾಂಟೀನಿನ ವಡಾಪಾವ್, ಸಮೋಸಾ ತಿಂದು ಕೂತರೆ, ನಿದ್ದೆ ಜೋರಾಗಿ ಎಳೆಯುವ ಮೂರರಿಂದ ಐದರ ನಡುವೆ ಹೊಟ್ಟೆಯೂ ಭಾರವಾಗಿರುತ್ತದೆ.

ದೊಡ್ಡ ಊಟ ಮನೆಯಲ್ಲೇ ಎಂಟು ಗಂಟೆಗೆ, ಕ್ಯಾಬ್ ಬರುವ ಮುನ್ನ ಆಗಲಿ. 15 ನಿಮಿಷದ ಒಂದು ಬ್ರೇಕನ್ನು 12:30ಕ್ಕೆ ತಂದು, ಖಿಚಡಿ, ಉಪ್ಪಿಟ್ಟು, ಬೇಯಿಸಿದ ಮೊಟ್ಟೆಯಂಥದ್ದು ಸ್ವಲ್ಪವೇ ಕೊಡಿ. ಕೊನೆಯ ಚಹಾ ಒಂದು ಗಂಟೆಗೆ ಮುಗಿಯಲಿ. ಐದಾರು ಗಂಟೆ ಕಳೆದರೂ ಅದರ ಕೆಫೀನ್ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಮೂರರ ಮೇಲೆ ಹಸಿವಾದರೆ ಬಾಳೆಹಣ್ಣೋ ಒಂದು ಹಿಡಿ ಹುರಿಗಡಲೆಯೋ ಸಾಕು. ಮನೆಗೆ ಹೋಗಿ ಒಂದಿಷ್ಟು ಅವಲಕ್ಕಿ ತಿಂದು ಮಲಗಿದರೆ ಮಧ್ಯಾಹ್ನ ಹಸಿವಿಗೆ ಎಚ್ಚರವಾಗುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬಾರದು.

ಈಗ ಉಳಿದ ಅರ್ಧ ಗಂಟೆಯನ್ನು ಮಲಗಲು ಕೊಡಿ. 60 ಜನರನ್ನು ಹದಿನೈದರಂತೆ ನಾಲ್ಕು ಸರದಿ ಮಾಡಿದರೆ 2:30ರಿಂದ 4:30ರೊಳಗೆ ಎಲ್ಲರದೂ ಮುಗಿಯುತ್ತದೆ. 20 ನಿಮಿಷ ನಿದ್ದೆ, 10 ನಿಮಿಷ ಮುಖ ತೊಳೆದು ಓಡಾಡಲು. ಅದಕ್ಕಿಂತ ಹೆಚ್ಚು ಮಲಗಿದರೆ ಗಾಢ ನಿದ್ದೆಗೆ ಜಾರಿ, ಎದ್ದ ಮೇಲೆ ಮಂಕು ಕವಿಯುತ್ತದೆ. ಮಂಕಿನಲ್ಲಿ ಕರೆ ತಗೊಂಡವರು ಗ್ರಾಹಕರ ಖಾತೆ ಸಂಖ್ಯೆಯನ್ನೇ ತಪ್ಪು ಕೇಳಿಸಿಕೊಂಡದ್ದನ್ನು ಕಂಡಿದ್ದೇನೆ.

ಟೀಮ್ ಲೀಡರ್, ಹಿಂಜವಡಿ: ನಿದ್ದೆ ವಿಷಯ ಸರಿ ಮೇಡಂ. ಆದರೆ ಕಣ್ಣಿಗೆ ಇಷ್ಟೆಲ್ಲ ಬೇಡ. ನಾವು ಎಲ್ಲರಿಗೂ ಬ್ಲೂ ಲೈಟ್ ಕನ್ನಡಕ ಕೊಡಿಸಿದ್ವಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡ್ ನೋಡಿ ಅಂತ ಪೋಸ್ಟರ್ ಹಚ್ಚಿದ್ವಿ. ಮುಗೀತು.

ವೈದ್ಯೆ: ಪೋಸ್ಟರ್ ಮಾತು ಸರಿ, ಆದರೆ ಕರೆಯ ನಡುವೆ ಯಾರಿಗೆ ನೆನಪಿರುತ್ತದೆ? ಒಂದು ಕರೆ ಮುಗಿದು ನೋಟ್ಸ್ ಹಾಕಿದ ಕೂಡಲೇ ಒಮ್ಮೆ ದೂರ ನೋಡುವ ಅಭ್ಯಾಸ ಮಾಡಿಸಿ. ಕನ್ನಡಕದಿಂದ ಕಣ್ಣಿನ ದಣಿವು ಕಡಿಮೆಯಾಗುವುದು ಪ್ರಯೋಗಗಳಲ್ಲಿ ಕಂಡುಬಂದಿಲ್ಲ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಗೆ ಮುಖ್ಯ ಕಾರಣ ಅದು. ಎಸಿ ಗಾಳಿ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಟಿಶ್ಯೂ ಕಾಗದದ ಉದ್ದ ಪಟ್ಟಿಯೊಂದನ್ನು ಮಾನಿಟರಿನ ಮೇಲಂಚಿಗೆ ಅಂಟಿಸಿ ನೋಡಿ. ಅದು ಅಲ್ಲಾಡುತ್ತಿದ್ದರೆ ಗಾಳಿ ಆ ಸೀಟಿನವರ ಕಣ್ಣಿಗೇ ಬಡಿಯುತ್ತಿದೆ. ಎಸಿ ಬಾಯಿಯ ರೆಕ್ಕೆ ತಿರುಗಿಸಿ, ಇಲ್ಲವೇ ಸೀಟು ಬದಲಿಸಿ. ಆಮೇಲೂ ಉರಿ ನಿಲ್ಲದವರಿಗೆ, ಲೆನ್ಸ್ ಹಾಕುವವರಿಗೆ ನಿಮ್ಮ ಶಿಬಿರ ಉಪಯೋಗಕ್ಕೆ ಬರುತ್ತದೆ.

ವಿಜಯಪುರದವರು, ಈಗ ಭೋಸರಿ: ಮೇಡಂ, ನನ್ನ ತಮ್ಮಗ ಫ್ಯಾಕ್ಟರಿ ಒಳಗ ವಾರಕ್ಕೊಮ್ಮೆ ಪಾಳಿ ಬದಲಾಗ್ತದರಿ. ಹಗಲು ನಿದ್ದಿನೇ ಹತ್ತವಲ್ದು. ಯಾವ ಗುಳಿಗಿ ಕೊಡಬೇಕ್ರಿ?

ವೈದ್ಯೆ: ಅಣ್ಣಾವ್ರೇ, ನೋಡದೆ ಗುಳಿಗೆ ಹೇಳಲಾರೆ. ಪಾಳಿ ಬದಲಾಗುವುದೇ ಆದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅನ್ನೋ ಕ್ರಮದಲ್ಲಿ ಮುಂದಕ್ಕೆ ಸಾಗಿದರೆ ಮೈ ಬೇಗ ಹೊಂದಿಕೊಳ್ಳುತ್ತದೆ. ಹಿಂದು ಹಿಂದಕ್ಕೆ ಬಂದರೆ ಕಷ್ಟ. ರಾತ್ರಿ ಪಾಳಿ ಮುಗಿಸಿ ಬೈಕ್ ಮೇಲೆ ಬರ್ತಾನಾ? ಬರುವಾಗ ಒಮ್ಮೆಯಾದರೂ ತೂಕಡಿಸಿದ್ದರೆ ಮೊದಲು ಬೈಕ್ ಬಿಡಿಸಿ, ಆಮೇಲೆ ವೈದ್ಯರ ಹತ್ತಿರ ಕರಕೊಂಡು ಹೋಗಿ.

ಎಚ್‌ಆರ್, ಖರಾಡಿ: ಕೆಲಸದ ಹೊತ್ತಲ್ಲಿ ಮಲಗೋದಕ್ಕೆ ಮ್ಯಾನೇಜ್‌ಮೆಂಟ್ ಒಪ್ಪುವುದು ಕಷ್ಟ. ಇನ್ನೊಂದು, ಶನಿವಾರ ಭಾನುವಾರ ಮಕ್ಕಳಿರುವವರು ಹಗಲೆಲ್ಲ ಎದ್ದೇ ಇರ್ತಾರೆ. ಸೋಮವಾರ ಮತ್ತೆ ಮೊದಲಿನ ಹಾಗೇ.

ವೈದ್ಯೆ: ಒಂದು ಸರದಿಯ 15 ಜನರ ಮೇಲೆ ಮಾಡಿ ತೋರಿಸಿ. ಮೊದಲ ಎರಡು ವಾರ ಏನೂ ಬದಲಿಸದೆ ಹಗಲು ಎಷ್ಟು ಹೊತ್ತು ನಿದ್ದೆ ಬಂತು, ಎಷ್ಟು ಸಲ ಎಚ್ಚರವಾಯಿತು ಅಂತ ಅವರೇ ಬರೆಯಲಿ. ಆಮೇಲೆ ಆರು ವಾರ ಹೊಸ ಪಟ್ಟಿ. ನಾಲ್ಕರಿಂದ ಆರರ ನಡುವಿನ ಕರೆಗಳಲ್ಲಾದ ತಪ್ಪುಗಳ ಲೆಕ್ಕ ನಿಮ್ಮ ಕ್ವಾಲಿಟಿ ವಿಭಾಗದಲ್ಲೇ ಇರುತ್ತದೆ, ಅದನ್ನೂ ಪಕ್ಕದಲ್ಲಿಡಿ.

ಭಾನುವಾರಕ್ಕೆ ನನ್ನ ಬಳಿ ಪೂರ್ತಿ ಪರಿಹಾರವಿಲ್ಲ. ರಜೆಯಲ್ಲಿ ರಾತ್ರಿ ಎರಡಕ್ಕೆ ಮಲಗಿ ಹತ್ತಕ್ಕೆ ಏಳಿ ಅಂತ ಹೇಳುತ್ತೇನೆ, ಆಗ ಸೋಮವಾರದ ಹೊಡೆತ ಕಡಿಮೆ. ಆದರೆ ಮನೆಯಲ್ಲಿ ಎರಡು ವರ್ಷದ ಮಗು ಇರುವವಳಿಗೆ ಇದನ್ನು ಹೇಳಲು ನನಗೇ ಬಾಯಿ ಬರುವುದಿಲ್ಲ.

ನವೆಂಬರಿನಲ್ಲಿ ಅಮೆರಿಕದ ಗಡಿಯಾರ ಹಿಂದೆ ಸರಿದು ನಿಮ್ಮ ಪಾಳಿ 10:30ಕ್ಕೆ ಹೋಗುತ್ತದಲ್ಲ, ಆಗ ಮಲಗುವ ಸರದಿಯನ್ನು ಜೊತೆಗೇ ತಳ್ಳಬೇಡಿ. ಅಮೆರಿಕದ ಗಡಿಯಾರ ಸರಿದಷ್ಟು ಬೇಗ ಮೈಯ ಗಡಿಯಾರ ಸರಿಯುವುದಿಲ್ಲ. ಮನೆಗೆ ಹೊರಡುವಾಗ ಬಿಸಿಲು ಇನ್ನೂ ಏರಿರುತ್ತದೆ, ಕ್ಯಾಬಿನಲ್ಲಿ ಕೂರುವವರಿಗೆ ಕಪ್ಪು ಕನ್ನಡಕ ಹಾಕಿಕೊಳ್ಳಲು ಹೇಳಿ.