ಅದು ಮಿಮಿಯ ಹಾಡು, ಚಿಕ್ಕಮ್ಮ

ಚಿಕ್ಕಮ್ಮ ಕೇಳಿದ್ದು: “ಮಗಳ ಮನೆಯಲ್ಲಿ ಟಿವಿ ಹಾಕಿದಾಗ ಯಾವುದೋ ಒಪೆರಾ ಮಧ್ಯದಿಂದ ನೋಡಿದೆ. ಹಿಮ ಬೀಳ್ತಿತ್ತು. ಒಬ್ಬ ಹುಡುಗಿ ಮರದ ಹಿಂದೆ ಅವಿತು ಇಬ್ಬರು ಗಂಡಸರ ಮಾತು ಕೇಳಿಸಿಕೊಂಡಳು, ಕೆಮ್ಮು ಬಂದು ಸಿಕ್ಕಿಬಿದ್ದಳು. ಆಮೇಲೆ ಅವನ ಎದುರಿಗೇ ನಿಂತು ಒಬ್ಬಳೇ ಹಾಡಿದಳು. ‘ಅದ್ದೀಯೋ, ಸೆಂಸ ರಂಕೋ’ ಅನ್ನೋ ಥರ ಎರಡು ಸಲ ಬಂತು. ಕೊನೆಗೆ ಪಕ್ಕದಲ್ಲಿ ಇನ್ನೊಂದು ಜೋಡಿ ಜಗಳ ಆಡ್ತಿತ್ತು. ಯಾವ ಹಾಡು ಅದು?”

ಚಿಕ್ಕಮ್ಮ, ಇದು ಸ್ವಲ್ಪ ಉದ್ದ ಆಗುತ್ತೆ, ಕೈಲಿ ಕೆಲಸ ಇದ್ದರೆ ಮಾಡ್ತಾನೇ ಕೇಳಿ. ಮೊದಲು ಉತ್ತರ ಹೇಳಿಬಿಡ್ತೀನಿ. ಒಪೆರಾ ಹೆಸರು ‘ಲಾ ಬೊಹೆಮ್’, ಪುಚ್ಚೀನಿಯದು, 1896ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಮೊದಲ ಸಲ ಆಡಿದ್ದು. ನೀವು ನೋಡಿದ್ದು ಮೂರನೇ ಅಂಕ. ಹುಡುಗಿ ಮಿಮಿ, ಹುಡುಗ ರೊಡೋಲ್ಫೋ ಅನ್ನೋ ಬಡ ಕವಿ. ಹಾಡಿನ ಹೆಸರು ‘ದೋಂದೆ ಲಿಯೇತಾ ಉಶೀ’. ಈ ಹೆಸರಿನಲ್ಲಿ ನೀವು ಕೇಳಿದ ಒಂದು ಮಾತೂ ಇಲ್ಲ ಅಲ್ವಾ? ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಬೆಳಿಗ್ಗೆ ಭಾವ ‘ಲಾ ಟ್ರಾವಿಯಾಟಾ’ ಅನ್ನೋ ಒಪೆರಾ ಇರಬೇಕು ಅಂದ್ರು. ಅವರು ಹಾಗೆ ಅಂದುಕೊಳ್ಳೋಕೆ ಕಾರಣ ಇದೆ. ಅಲ್ಲೂ ಪ್ಯಾರಿಸ್, ಅಲ್ಲೂ ನಾಯಕಿಗೆ ಕ್ಷಯ, ಅಲ್ಲೂ ‘ಅದ್ದೀಯೋ’, ಅಂದ್ರೆ ವಿದಾಯ, ಅಂತ ಶುರುವಾಗುವ ಒಂದು ದೊಡ್ಡ ಹಾಡಿದೆ, ‘ಅದ್ದೀಯೋ ದೆಲ್ ಪಸ್ಸಾತೋ’ ಅಂತ. ಆದರೆ ಅಲ್ಲಿ ವಿಯೋಲೆಟ್ಟಾ ತನ್ನ ಮಲಗುವ ಕೋಣೆಯಲ್ಲಿ ಇರ್ತಾಳೆ. ಹಾಡಿಗೆ ಮುಂಚೆ ಒಂದು ಕಾಗದ ತೆಗೆದು ಓದ್ತಾಳೆ. ಅದನ್ನ ಹಾಡೋದಿಲ್ಲ, ಮಾತಿನಂತೆ ಓದ್ತಾಳೆ, ಹಿಂದೆ ಪಿಟೀಲು ಮೆಲ್ಲಗೆ ನುಡೀತಿರುತ್ತೆ. ಒಪೆರಾದಲ್ಲಿ ಹಾಡೋರು ಇದ್ದಕ್ಕಿದ್ದಂತೆ ಬರೀ ಮಾತಾಡಿದರೆ ಯಾರಿಗಾದರೂ ನೆನಪಿನಲ್ಲಿ ಉಳಿಯುತ್ತೆ. ನೀವು ಕಾಗದದ ಸುದ್ದಿಯನ್ನೇ ಎತ್ತಿಲ್ಲ. ಇನ್ನೂ ಮುಖ್ಯ ಅಂದ್ರೆ, ವಿಯೋಲೆಟ್ಟಾ ವಿದಾಯ ಹೇಳೋದು ಕಳೆದುಹೋದ ತನ್ನ ಸುಖದ ದಿನಗಳಿಗೆ. ಆ ಗಳಿಗೆಯಲ್ಲಿ ಅವಳ ಪ್ರಿಯಕರ ಎದುರಿಗೆ ಇರೋದಿಲ್ಲ. ನಿಮ್ಮ ಹುಡುಗಿ ಹೇಳಿದ್ದು ಎದುರಿಗೆ ನಿಂತವನಿಗೆ.

ಹಾಗಾಗಿ ‘ಅದ್ದೀಯೋ’ ಅನ್ನೋದೊಂದನ್ನೇ ಹಿಡ್ಕೊಂಡು ಹೊರಟರೆ ದಡ ಸೇರೋದಿಲ್ಲ. ಇಟಾಲಿಯನ್ ಒಪೆರಾದಲ್ಲಿ ಎಲ್ಲರೂ ಎಲ್ಲರಿಗೂ ಅದ್ದೀಯೋ ಅಂತಲೇ ಇರ್ತಾರೆ. ಪುಚ್ಚೀನಿಯದೇ ‘ಮದಾಮ ಬಟರ್‌ಫ್ಲೈ’ಯಲ್ಲಿ ಒಬ್ಬ ಗಂಡಸು, ತಾನು ಕೈಬಿಟ್ಟ ಹೆಂಡತಿಯ ಮನೆಗೆ ಅದ್ದೀಯೋ ಹೇಳ್ತಾನೆ. ಇದೇ ‘ಬೊಹೆಮ್’ ಕೊನೇ ಅಂಕದಲ್ಲಿ ಒಬ್ಬ ತನ್ನ ಹಳೇ ಕೋಟಿಗೆ ಅದ್ದೀಯೋ ಹೇಳ್ತಾನೆ, ಅದನ್ನ ಅಡವಿಟ್ಟು ದುಡ್ಡು ತರೋಕೆ. ಕೋಟಿಗೆ ಅಂತಲೇ ಒಂದು ಹಾಡು, ಚಿಕ್ಕಮ್ಮ! ಕೇಳಿ ಒಮ್ಮೆ, ನಗು ಬರೋದಿಲ್ಲ.

ನಿಮ್ಮ ವಿಷಯದಲ್ಲಿ ಕೆಲಸಕ್ಕೆ ಬಂದದ್ದು ಅದರ ಮುಂದಿನ ಎರಡು ಮಾತು. ‘ಸೆಂಸ ರಂಕೋ’ ಅಂತ ಬರೆದಿದ್ರಿ. ಅದು ‘ಸೆಂತ್ಸ ರಂಕೋರ್’, ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳದೆ ಅಂತ. ಕೊನೆಯ ‘ರ್’ ನಿಮಗೆ ಕೇಳಿಸದೇ ಇದ್ದದ್ದು ಸಹಜ. ಗಾಯಕಿಯರು ಸ್ವರ ಎಳೆಯೋದು ‘ಓ’ ಮೇಲೆ, ‘ರ್’ ಅನ್ನೋದು ಸುಮ್ನೆ ನಾಲಿಗೆ ತುದಿ ಸೋಕಿ ಹೋಗುತ್ತೆ. ಹಾಡಿನಲ್ಲಿ ವ್ಯಂಜನ ನುಂಗಿಹೋದರೂ ಇಟಾಲಿಯನ್ ಸ್ವರಗಳು ಸ್ಪಷ್ಟವಾಗಿ ಉಳಿಯುತ್ತವೆ. ನೀವು ಎ-ಅ, ಅ-ಓ ಅಂತ ಸ್ವರಗಳನ್ನ ಸರಿಯಾಗಿ ಹಿಡಿದಿದ್ರಿ, ಅದೇ ಸಾಕಾಯ್ತು. ಇನ್ನೊಂದು ತೊಡಕು ಇದೆ. ಪದ್ಯಕ್ಕೆ ಹೊಂದಲಿ ಅಂತ ಪದದ ಕೊನೇ ಸ್ವರವನ್ನ ಕತ್ತರಿಸ್ತಾರೆ. ನಿಘಂಟಿನಲ್ಲಿ ‘ರಂಕೋರೆ’ ಅಂತ ಇರುತ್ತೆ, ಹಾಡಿನಲ್ಲಿ ‘ರಂಕೋರ್’ ಆಗುತ್ತೆ. ‘ಅಮೋರೆ’ ಹೋಗಿ ‘ಅಮೋರ್’ ಆಗುತ್ತೆ. ನಿಘಂಟು ಇಟ್ಕೊಂಡು ಹುಡುಕೋರು ಇಲ್ಲೇ ದಾರಿ ತಪ್ಪೋದು.

ಈಗ ಹೆಸರಿನ ವಿಷಯ. ಒಪೆರಾ ಹಾಡುಗಳಿಗೆ ಬೇರೆ ಹೆಸರು ಇಡೋದಿಲ್ಲ, ಮೊದಲ ಸಾಲೇ ಹೆಸರು. ನಾವು ದೇವರನಾಮಕ್ಕೆ ಪಲ್ಲವಿಯ ಹೆಸರು ಹೇಳೋ ಹಾಗೆ. ಆದರೆ ನಮ್ಮ ಪಲ್ಲವಿ ಚರಣ ಚರಣಕ್ಕೂ ತಿರುಗಿ ಬರುತ್ತೆ, ಅದಕ್ಕೇ ನೆನಪು ಉಳಿಯುತ್ತೆ. ಪುಚ್ಚೀನಿಯ ಈ ಹಾಡಿನಲ್ಲಿ ಮೊದಲ ಸಾಲು ಒಂದೇ ಸಲ ಬಂದು ಹೋಗುತ್ತೆ, ಅದೂ ಮೆಲ್ಲಗೆ, ಮಾತಾಡಿದ ಹಾಗೆ. ಹಾಡು ಶುರುವಾಯ್ತು ಅಂತ ಗೊತ್ತಾಗೋ ಹೊತ್ತಿಗೆ ಅದು ದಾಟಿರುತ್ತೆ. ಎರಡು ಸಲ ಬರೋದು ‘ಅದ್ದೀಯೋ, ಸೆಂತ್ಸ ರಂಕೋರ್’. ಮೊದಲ ಭಾಗ ಮುಗಿಯೋ ಕಡೆ ಒಂದು ಸಲ, ಹಾಡಿನ ಕೊನೆಗೆ ಒಂದು ಸಲ. ಕೇಳಿದವರ ಬಳಿ ಉಳಿಯೋದು ಈ ಸಾಲು, ಪಟ್ಟಿಯಲ್ಲಿ ಇರೋದು ಮೊದಲ ಸಾಲು. ಹುಡುಕಿದರೆ ಸಿಗದೇ ಇರೋದಕ್ಕೆ ಮುಕ್ಕಾಲು ಪಾಲು ಕಾರಣ ಇಷ್ಟೇ.

ಆದರೂ ಎರಡು ಪದದ ಮೇಲೆ ಪೂರ್ತಿ ಭಾರ ಹಾಕೋದು ಬೇಡ ಅಂತ ನೀವು ಹೇಳಿದ ಸನ್ನಿವೇಶವನ್ನ ಜೋಡಿಸಿ ನೋಡಿದೆ. ಮೂರನೇ ಅಂಕ ನಡೆಯೋದು ಪ್ಯಾರಿಸ್ ಊರಂಚಿನ ಸುಂಕದ ಕಟ್ಟೆಯ ಹತ್ತಿರ, ಫೆಬ್ರವರಿ ತಿಂಗಳ ಬೆಳಗಿನ ಜಾವ, ಸುತ್ತ ಹಿಮ. ಪಕ್ಕದಲ್ಲಿ ಒಂದು ಹೆಂಡದಂಗಡಿ. ಚಿತ್ರಕಾರ ಮಾರ್ಚೆಲ್ಲೋ ಅಲ್ಲಿ ಇದ್ದಾನೆ, ಜೊತೆಗೆ ಅವನ ಪ್ರೇಯಸಿ ಮುಸೆಟ್ಟಾ. ರೊಡೋಲ್ಫೋ ಮಿಮಿಯನ್ನ ಬಿಟ್ಟು ಅಲ್ಲಿಗೆ ಬಂದಿದ್ದಾನೆ. ಮಿಮಿ ಹುಡುಕಿಕೊಂಡು ಬಂದು ಮರದ ಹಿಂದೆ ನಿಲ್ತಾಳೆ. ರೊಡೋಲ್ಫೋ ಗೆಳೆಯನ ಹತ್ರ ಮೊದಲು, ಅವಳು ಚೆಲ್ಲು, ಕಂಡವರ ಜೊತೆ ನಗ್ತಾಳೆ ಅಂತ ಸುಳ್ಳು ನೆವ ಹೇಳ್ತಾನೆ. ಮಾರ್ಚೆಲ್ಲೋ ನಂಬೋದಿಲ್ಲ. ಆಗ ನಿಜ ಬಾಯಿಬಿಡ್ತಾನೆ. ಅವಳಿಗೆ ಕಾಯಿಲೆ ಜಾಸ್ತಿಯಾಗಿದೆ, ನನ್ನ ಕೋಣೆಯಲ್ಲಿ ಬೆಂಕಿ ಇಲ್ಲ, ಗಾಳಿ ನುಗ್ಗುತ್ತೆ, ನನ್ನ ಜೊತೆ ಇದ್ದರೆ ಸತ್ತೇಹೋಗ್ತಾಳೆ ಅಂತ. ಅವಳು ಎಲ್ಲವನ್ನೂ ಕೇಳಿಸಿಕೊಳ್ತಾಳೆ. ಕೆಮ್ಮು, ಅಳು ತಡೆಯೋಕಾಗದೆ ಸಿಕ್ಕಿಬೀಳ್ತಾಳೆ. ಅವಿತು ಕೇಳೋ ದೃಶ್ಯ ಒಪೆರಾಗಳಲ್ಲಿ ಬೇಕಾದಷ್ಟಿವೆ. ಅವಿತವಳನ್ನ ಅವಳ ಕೆಮ್ಮೇ ಹಿಡಿದುಕೊಡೋದು ಅಂದ್ರೆ ನನಗೆ ತಕ್ಷಣ ತೋಚೋದು ಇದೊಂದೇ.

ಹಾಡಿನಲ್ಲಿ ಅವಳು ಏನು ಹೇಳ್ತಾಳೆ ಅಂತ ಕೇಳಿದರೆ ನಿಮಗೆ ಇನ್ನೂ ಇಷ್ಟ ಆಗುತ್ತೆ. ನಿನ್ನ ಪ್ರೀತಿಯ ಕರೆಗೆ ಓಗೊಟ್ಟು ಯಾವ ಗೂಡಿನಿಂದ ಖುಷಿಯಾಗಿ ಹೊರಬಿದ್ದೆನೋ ಅಲ್ಲಿಗೇ ಒಬ್ಬಳೇ ವಾಪಸ್ ಹೋಗ್ತೀನಿ, ಮತ್ತೆ ಕೃತಕ ಹೂ ಮಾಡ್ಕೊಂಡು ಇರ್ತೀನಿ ಅಂತಾಳೆ. ಮೊದಲ ‘ಸೆಂತ್ಸ ರಂಕೋರ್’ ಬರೋದು ಇಲ್ಲೇ. ಆಮೇಲೆ ‘ಕೇಳು, ಕೇಳು’ ಅಂತ ಶುರು ಮಾಡಿ ಸಾಮಾನಿನ ಮಾತು ಎತ್ತುತ್ತಾಳೆ. ಚೆಲ್ಲಿರೋ ನನ್ನ ನಾಲ್ಕು ಸಾಮಾನು ಒಟ್ಟುಮಾಡು. ಡ್ರಾಯರಿನಲ್ಲಿ ಆ ಚಿನ್ನದ ಉಂಗುರ ಇದೆ, ಪ್ರಾರ್ಥನೆ ಪುಸ್ತಕ ಇದೆ. ಎಲ್ಲವನ್ನೂ ಒಂದು ಏಪ್ರನ್‌ನಲ್ಲಿ ಸುತ್ತಿಡು, ಕಾವಲಿನವನನ್ನ ಕಳಿಸ್ತೀನಿ. ಇಷ್ಟು ಹೇಳಿ ತಡೀತಾಳೆ. ದಿಂಬಿನ ಕೆಳಗೆ ಗುಲಾಬಿ ಬಣ್ಣದ ಟೋಪಿ ಇದೆ, ಬೇಕಿದ್ದರೆ ನೆನಪಿಗೆ ಇಟ್ಟುಕೋ ಅಂತಾಳೆ. ‘ಬೇಕಿದ್ದರೆ, ಬೇಕಿದ್ದರೆ’ ಅಂತ ಹೇಳ್ತಾ ಧ್ವನಿ ಮೇಲಕ್ಕೆ ಏರುತ್ತೆ, ಇಡೀ ಹಾಡಿನಲ್ಲಿ ಅವಳು ಎದೆ ಬಿಚ್ಚೋದು ಆ ಒಂದೇ ಕಡೆ. ಮನೆ ಬಿಡೋ ಹೆಂಗಸು ಸಾಮಾನಿನ ಪಟ್ಟಿ ಒಪ್ಪಿಸೋದನ್ನೇ ಹಾಡು ಮಾಡಿದ್ದಾನಲ್ಲ ಪುಚ್ಚೀನಿ, ನನಗೆ ಅವನ ಬೇರೆ ಎಷ್ಟೋ ಅಬ್ಬರದ ಹಾಡುಗಳಿಗಿಂತ ಇದೇ ಹೆಚ್ಚು. ಆ ಟೋಪಿ ಎರಡನೇ ಅಂಕದಲ್ಲಿ, ಕ್ರಿಸ್‌ಮಸ್ ಹಿಂದಿನ ಸಂಜೆ, ರೊಡೋಲ್ಫೋನೇ ಕೊಡಿಸಿದ್ದು.

ಇನ್ನು ನಿಮ್ಮ ಕೊನೇ ಸುಳಿವು, ಆ ಜಗಳ. ಅದೇ ಮೊಹರು. ಹಾಡು ಮುಗಿದ ಮೇಲೆ ಮಿಮಿ, ರೊಡೋಲ್ಫೋ ಮೆತ್ತಗಾಗ್ತಾರೆ, ಚಳಿಗಾಲದಲ್ಲಿ ಒಬ್ಬರೇ ಇರೋಕಾಗಲ್ಲ, ಹೂ ಬಿಡೋ ಕಾಲದಲ್ಲಿ ಬೇರೆ ಆಗೋಣ ಅಂತ ಒಪ್ಪಂದ ಮಾಡ್ಕೊಳ್ತಾರೆ. ಅದೇ ಹೊತ್ತಿಗೆ ಮುಸೆಟ್ಟಾ ಯಾರ ಜೊತೆಗೋ ನಕ್ಕಳು ಅಂತ ಮಾರ್ಚೆಲ್ಲೋಗೆ ಹೊಟ್ಟೆಕಿಚ್ಚು. ಹಾವು, ಕಪ್ಪೆ, ಮಾಟಗಾತಿ ಅಂತ ಪರಸ್ಪರ ಬೈದುಕೊಂಡು ಇವರು ಬೇರೆ ಆಗ್ತಾರೆ. ನಾಲ್ಕು ಜನ ಒಟ್ಟಿಗೆ ಹಾಡ್ತಿರ್ತಾರೆ, ಒಂದು ಜೋಡಿ ಮೆಲ್ಲಗೆ, ಒಂದು ಜೋಡಿ ಕಿರುಚಾಡ್ತಾ. ಅದ್ದೀಯೋ, ರಂಕೋರ್, ಕೆಮ್ಮು, ಪಕ್ಕದ ಜಗಳ, ಈ ನಾಲ್ಕೂ ಒಂದೇ ಕಡೆ ಸಿಗೋ ಇನ್ನೊಂದು ಒಪೆರಾ ನನಗೆ ಗೊತ್ತಿಲ್ಲ.

ಹಿಮವನ್ನ ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಈಗಿನ ನಿರ್ದೇಶಕರು ರಂಗಸಜ್ಜಿಕೆಯನ್ನ ಹೇಗೆ ಬೇಕಾದರೂ ತಿರುಗಿಸ್ತಾರೆ. 2017ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ಕ್ಲಾಸ್ ಗುತ್ ಇದೇ ‘ಬೊಹೆಮ್’ ಅನ್ನ ಬಾಹ್ಯಾಕಾಶ ನೌಕೆಯೊಳಗೆ ಆಡಿಸಿದರು. ಸೀನರಿ, ಬಟ್ಟೆ ಬದಲಾಗಬಹುದು. ಯಾರು ಯಾರಿಗೆ ಏನು ಹೇಳ್ತಾರೆ ಅನ್ನೋದು ಬದಲಾಗೋದಿಲ್ಲ, ಏಕೆಂದರೆ ಅದು ಹಾಡಿನ ಮಾತಿನಲ್ಲೇ ಇದೆ. ಮುಂದೆ ಯಾವಾಗಲಾದರೂ ಹೀಗೆ ಕೇಳೋದಿದ್ದರೆ ಪರದೆಯ ಮೇಲೆ ಎಷ್ಟು ಜನ ಇದ್ರು, ಯಾರು ಯಾರ ಕಡೆ ತಿರುಗಿ ಹಾಡಿದರು ಅಂತ ಬರೀರಿ, ಬೇಗ ಹೇಳ್ತೀನಿ.

ಯೂಟ್ಯೂಬ್‌ನಲ್ಲಿ `donde lieta usci` ಅಂತ ಟೈಪ್ ಮಾಡಿ, ಕೊನೆಯ ‘ಐ’ ಮೇಲಿನ ಗೀಟು ಹಾಕದಿದ್ದರೂ ಪರವಾಗಿಲ್ಲ. ಹಾಡು ಮೂರು ಮೂರೂವರೆ ನಿಮಿಷ ಅಷ್ಟೇ. ಸುಮ್ನೆ ‘ಲಾ ಬೊಹೆಮ್’ ಅಂತ ಹುಡುಕಿದರೆ ಜೊತೆಗೆ ಪುಚ್ಚೀನಿ ಹೆಸರು ಸೇರಿಸಿ. ಇದೇ ಕತೆ, ಇದೇ ಹೆಸರಿಟ್ಟು ಲಿಯೋಂಕವಾಲ್ಲೋ ಅನ್ನೋನು 1897ರಲ್ಲಿ ಇನ್ನೊಂದು ಒಪೆರಾ ಬರೆದಿದ್ದಾನೆ, ಅಲ್ಲೂ ಮಿಮಿ ಇದ್ದಾಳೆ, ಆದರೆ ನಿಮ್ಮ ಹಾಡು ಅಲ್ಲಿ ಸಿಗೋದಿಲ್ಲ. ಪೂರ್ತಿ ಒಪೆರಾ ಸಿಕ್ಕಿದರೆ ಈ ಹಾಡಿಗೆ ನಿಲ್ಲಿಸಬೇಡಿ, ನಾಲ್ಕನೇ ಅಂಕದ ಶುರುವಿನ ತನಕವಾದರೂ ನೋಡಿ. ರೊಡೋಲ್ಫೋ ಆ ಟೋಪಿ ಇಟ್ಟುಕೊಂಡನೋ ಇಲ್ಲವೋ ಅಂತ ಅಲ್ಲಿ ಗೊತ್ತಾಗುತ್ತೆ, ನಾನು ಈಗಲೇ ಹೇಳೋದಿಲ್ಲ. ಭಾವ, ನೀವು ಟ್ರಾವಿಯಾಟಾದ ಕಾಗದ ಓದೋ ಭಾಗದ ಲಿಂಕ್ ಇಲ್ಲೇ ಹಾಕಿ, ಚಿಕ್ಕಮ್ಮ ಎರಡನ್ನೂ ಕೇಳಲಿ.