‘ನಾನು ಈ ತರಗತಿಗೆ ಸೇರಿದವನು’ ಎಂಬ ವಾಕ್ಯದ ತೊಡಕು

ಮುಂದಿನ ಜೂನ್‌ಗೆ ಶಿವಮೊಗ್ಗಕ್ಕೆ ಮರಳಲಿರುವ ಸದಸ್ಯರೊಬ್ಬರು, ಒಂಬತ್ತನೇ ತರಗತಿಗೆ ಸೇರುವ ಮಗನಿಗೆ ಅಲ್ಲಿ ‘ನಾನೂ ಇವರಲ್ಲೊಬ್ಬ’ ಎಂಬ ಭಾವ ಬಂದಿದೆಯೇ ಎಂದು ಶಾಲೆಯವರು ತಿಳಿಯುವ ಬಗೆ ಹೇಗೆಂದು ಈ ಗುಂಪಿನಲ್ಲಿ ಕೇಳಿದ್ದರು. ಹೊರದೇಶದಲ್ಲಿದ್ದಾಗ ಶಾಲಾ ಸಮೀಕ್ಷೆಗಳನ್ನು ರೂಪಿಸುವುದೇ ನನ್ನ ಉದ್ಯೋಗವಾಗಿತ್ತು. ಊರಿಗೆ ಬಂದ ಮೇಲೆ ಇಲ್ಲಿಯ ಶಾಲೆಯೊಂದಕ್ಕೆ ಅಂಥ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಟ್ಟೆ. ಅದರ ಮೊದಲ ಕರಡು ಎಲ್ಲಿ ಎಡವಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ಹೆಚ್ಚಾಗಿ ಬಳಕೆಯಾಗುವ ಅಳತೆಪಟ್ಟಿಯನ್ನು ಅಮೆರಿಕದ ಕ್ಯಾರಲ್ ಗುಡೆನೋ 1993ರಲ್ಲಿ ಪ್ರಕಟಿಸಿದರು. ಅದರಲ್ಲಿ 18 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ ‘ಸ್ವಲ್ಪವೂ ನಿಜವಲ್ಲ’ ಎಂಬಲ್ಲಿಂದ ‘ಪೂರ್ತಿ ನಿಜ’ ಎಂಬಲ್ಲಿಯವರೆಗೆ ಐದು ಹಂತಗಳಲ್ಲಿ ಉತ್ತರಿಸಬೇಕು. ಆದರೆ ಅದು ಇಡೀ ಶಾಲೆಯನ್ನು ಕುರಿತದ್ದು. ನಮಗೆ ಬೇಕಿದ್ದದ್ದು ಒಂದು ಕೋಣೆಯೊಳಗಿನ ಮಾತು. ಆದ್ದರಿಂದ ಆರೇ ಹೇಳಿಕೆಗಳನ್ನು ಹೊಸದಾಗಿ ಬರೆದು, ಹಂಚುವ ಮೊದಲು ಐವರು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಹೇಳಿಕೆಯನ್ನು ಗಟ್ಟಿಯಾಗಿ ಓದಿಸಿ, ‘ಇದರ ಅರ್ಥ ನಿನ್ನ ಮಾತಿನಲ್ಲಿ ಏನು?’ ಎಂದು ಕೇಳಿದೆ.

ಮೊದಲ ಹೇಳಿಕೆಯೇ ಬಿದ್ದುಹೋಯಿತು. ‘ನಾನು ಈ ತರಗತಿಗೆ ಸೇರಿದವನು’ ಎಂಬುದಕ್ಕೆ ಒಬ್ಬ ಹುಡುಗ ಒಂದಿಷ್ಟೂ ಯೋಚಿಸದೆ ‘ಪೂರ್ತಿ ನಿಜ’ ಎಂದ. ಏಕೆಂದು ಕೇಳಿದರೆ, ‘ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಇದೆಯಲ್ಲ’ ಎಂದ. ತಪ್ಪು ಅವನದಲ್ಲ. ಕನ್ನಡದಲ್ಲಿ ‘ಸೇರಿದ’ ಎಂಬುದು ದಾಖಲಾತಿಗೂ ಒಡೆತನಕ್ಕೂ ಮೊದಲು ಒದಗುವ ಪದ, ಭಾವಕ್ಕೆ ಆಮೇಲೆ. ಸಾಲದ್ದಕ್ಕೆ ‘ಸೇರಿದವನು’ ಎಂದರೆ ಹುಡುಗಿಯರು ಹೊರಗುಳಿಯುತ್ತಾರೆ. ಅದನ್ನು ತೆಗೆದು, ‘ನಾನು ಒಂದು ದಿನ ಬಾರದಿದ್ದರೆ ಈ ತರಗತಿಯಲ್ಲಿ ಯಾರಾದರೂ ನನ್ನನ್ನು ವಿಚಾರಿಸುತ್ತಾರೆ’ ಎಂದು ಬರೆದೆ. ಭಾವವನ್ನು ನೇರವಾಗಿ ಕೇಳುವ ಬದಲು, ಆ ಭಾವ ಹುಟ್ಟುವ ಸಂದರ್ಭವನ್ನು ಕೇಳಿದಾಗ ಮಕ್ಕಳು ನಿಜವಾಗಿ ಯೋಚಿಸತೊಡಗಿದರು.

ಇನ್ನೊಂದು ಹೇಳಿಕೆ ‘ಶಾಲೆ ಬಿಟ್ಟ ಮೇಲೆ ಸಹಪಾಠಿಗಳೊಂದಿಗೆ ಆಡುತ್ತೇನೆ’ ಎಂದಿತ್ತು. ಮಲೆನಾಡಿನಲ್ಲಿ ಇದು ಅಳೆಯುವುದು ಬಸ್ಸಿನ ವೇಳೆಯನ್ನು. ದೂರದ ಒಂಟಿಮನೆಗಳಿಂದ ಬರುವ ಮಕ್ಕಳು ಗಂಟೆ ಹೊಡೆದೊಡನೆ ಓಡಲೇಬೇಕು. ಅವರ ಅಂಕ ತಗ್ಗಿದರೆ ಅದು ಒಂಟಿತನದ ಗುರುತಲ್ಲ. ಅದರ ಬದಲಿಗೆ ‘ಮಧ್ಯಾಹ್ನ ಊಟಕ್ಕೆ ಕೂರುವಾಗ ನನ್ನನ್ನು ಜೊತೆಗೆ ಕರೆಯುವವರಿದ್ದಾರೆ’ ಎಂದು ಹಾಕಿದೆ. ಆ ಹೊತ್ತು ಎಲ್ಲರಿಗೂ ಒಂದೇ.

ಉತ್ತರದ ಹಂತಗಳಲ್ಲಿ ನಾನು ಎಣಿಸದ ತೊಂದರೆಯಿತ್ತು. ‘ಕೆಲವೊಮ್ಮೆ’ ಮತ್ತು ‘ಆಗಾಗ’ ಎಂಬೆರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ಐವರಲ್ಲೇ ಒಮ್ಮತವಿರಲಿಲ್ಲ. ‘ತಟಸ್ಥ’ ಎಂಬ ನಡುವಿನ ಹಂತವನ್ನು ಮಕ್ಕಳು ‘ಗೊತ್ತಿಲ್ಲ’ ಎಂದೋ ‘ಹೇಳಲು ಇಷ್ಟವಿಲ್ಲ’ ಎಂದೋ ಓದಿಕೊಂಡರು. ಕೊನೆಗೆ ‘ಕಳೆದ ಎರಡು ವಾರಗಳಲ್ಲಿ’ ಎಂದು ಅವಧಿ ಕೊಟ್ಟು, ‘ಒಮ್ಮೆಯೂ ಇಲ್ಲ’, ‘ಒಂದೆರಡು ದಿನ’, ‘ಹಲವು ದಿನ’, ‘ಹೆಚ್ಚುಕಡಿಮೆ ದಿನವೂ’ ಎಂಬ ನಾಲ್ಕು ಹಂತಗಳನ್ನಿಟ್ಟು, ಹೇಳಿಕೆಗಳ ಮಾತನ್ನೂ ಅದಕ್ಕೆ ಹೊಂದುವಂತೆ ತಿದ್ದಿದೆ. ಬಾರದ ದಿನದ ಹೇಳಿಕೆ ಮಾತ್ರ ಇದಕ್ಕೆ ಹೊಂದಲಿಲ್ಲ, ಏಕೆಂದರೆ ಎರಡು ವಾರ ತಪ್ಪದೆ ಬಂದ ಮಗು ಏನೆಂದು ಉತ್ತರಿಸೀತು? ಅದಕ್ಕೆ ‘ನಿಜವಲ್ಲ’ದಿಂದ ‘ಪೂರ್ತಿ ನಿಜ’ದವರೆಗಿನ ನಾಲ್ಕು ಹಂತಗಳನ್ನು ಬೇರೆಯಾಗಿಯೇ ಉಳಿಸಿಕೊಂಡೆ.

ಆರರಲ್ಲಿ ಎರಡು ಹೇಳಿಕೆಗಳು ತಿರುವುಮುರುವು, ಉದಾಹರಣೆಗೆ ‘ತರಗತಿಯಲ್ಲಿ ನನಗೆ ಒಂಟಿ ಎನಿಸಿತು’. ಇವನ್ನು ‘ಇಲ್ಲ’ ಹಚ್ಚಿ ಬರೆಯಬಾರದು. ‘ಒಂಟಿ ಎನಿಸಲಿಲ್ಲ’ ಎಂಬುದಕ್ಕೆ ‘ಒಮ್ಮೆಯೂ ಇಲ್ಲ’ ಎಂದು ಗುರುತು ಹಾಕುವಾಗ ದೊಡ್ಡವರಿಗೂ ತಲೆ ತಿರುಗುತ್ತದೆ. ನಾಲ್ಕು ಹಂತಗಳಿಗೆ ಕ್ರಮವಾಗಿ 1ರಿಂದ 4ರವರೆಗೆ ಅಂಕ ಕೊಟ್ಟು ಎಣಿಸುವಾಗ ಇಂಥವುಗಳ ಅಂಕವನ್ನು 5ರಿಂದ ಕಳೆಯಬೇಕು. ಆದರೆ ಸರಾಸರಿಯನ್ನು ಮಾತ್ರ ನೋಡಿದರೆ ಮೋಸಹೋಗುತ್ತೇವೆ. ಓದದೆಯೇ ಎಲ್ಲಕ್ಕೂ 4 ಎಂದು ಗುರುತು ಹಾಕಿದ ಮಗುವಿಗೆ ನಾಲ್ಕು ಹೇಳಿಕೆಗಳಿಂದ 16, ತಿರುವಿದ ಎರಡರಿಂದ 2, ಒಟ್ಟು 18 ಬರುತ್ತದೆ. ಸರಾಸರಿ 3, ನೋಡಲು ಸೊಗಸಾದ ಅಂಕ! ದಿನವೂ ಊಟಕ್ಕೆ ಕರೆಯುವವರಿದ್ದಾರೆ, ದಿನವೂ ಒಂಟಿ ಎಂಬ ಎರಡೂ ಉತ್ತರಗಳು ಒಂದೇ ಹಾಳೆಯಲ್ಲಿದ್ದರೆ ಅದನ್ನು ಬದಿಗಿಟ್ಟು ನೋಡಬೇಕು. ಒಮ್ಮೊಮ್ಮೆ ಅದು ನಿಜವೂ ಆಗಿರುತ್ತದೆ, ಹಾಗಾಗಿ ಎಸೆಯಬೇಡಿ.

ಹೊರದೇಶದಿಂದ ಬಂದ ಮಕ್ಕಳ ತಂದೆತಾಯಿಯರು ಒಂದು ಸಾಲನ್ನು ಗಮನಿಸಬೇಕು. ಕರಡಿನ ಮೇಲ್ಭಾಗದಲ್ಲಿ ‘ಹಿಂದೆ ಓದಿದ ಶಾಲೆ’ ಎಂಬ ಖಾಲಿ ಜಾಗವಿತ್ತು. ತರಗತಿಯಲ್ಲಿ ಅಂಥ ಮಗು ಒಂದೇ ಇದ್ದಾಗ, ಹೆಸರು ಬರೆಸದಿದ್ದರೂ ಆ ಹಾಳೆ ಯಾರದೆಂದು ಎಲ್ಲರಿಗೂ ತಿಳಿಯುತ್ತದೆ, ಮಗುವಿಗೂ ಅದು ಗೊತ್ತಿರುತ್ತದೆ. ಆ ಸಾಲನ್ನು ಅಳಿಸಿದೆ. ಉತ್ತರಗಳನ್ನು ತರಗತಿ ಶಿಕ್ಷಕರು ಸಂಗ್ರಹಿಸದೆ, ಮಕ್ಕಳೇ ಲಕೋಟೆಗೆ ಹಾಕಿ ಅಂಟಿಸಿ ಕೊಡುವಂತೆ ಮಾಡಿದೆ.